ಇಪ್ಪತ್ನಾಲ್ಕು ಲಕ್ಷದೊಳಗಿನ ಲೆಕ್ಕ

ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗಳಿಗೆ ಮುಂಬಯಿಯ ಒಂದು ಕಂಪನಿಯಿಂದ ಆಫರ್ ಬಂದ ಸುದ್ದಿ ನನಗೆ ಮೊದಲು ತಲುಪಿದ್ದು ಹಾಸನದಿಂದ. ಅಣ್ಣ ಫೋನಿನಲ್ಲಿ, "ವರ್ಷಕ್ಕೆ 24 ಲಕ್ಷ ಕಣೇ, ಅಂದ್ರೆ ತಿಂಗಳಿಗೆ ಎರಡು ಲಕ್ಷ!" ಎಂದು ಹೇಳಿ, ಹಿಂದೆಯೇ "ಈಗಿನದಕ್ಕಿಂತ ಮೂವತ್ತು ಪರ್ಸೆಂಟ್ ಜಾಸ್ತಿಯಂತೆ" ಎಂದೂ ಸೇರಿಸಿದ. ಅವನ ಗುಣಾಕಾರ ಭಾಗಾಕಾರಗಳಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಸಂಬಳದ ವಿಭಾಗದಲ್ಲೇ ಹದಿನಾಲ್ಕು ವರ್ಷ ಕಳೆದ ನನಗೆ, ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಿದರೆ ಬರುವ ಸಂಖ್ಯೆ ಯಾರ ಬ್ಯಾಂಕ್ ಖಾತೆಗೂ ಬಂದು ಬೀಳುವುದಿಲ್ಲ ಎಂಬುದು ಗೊತ್ತು. ಮಗಳಿಗೂ ಅದೇ ಅನುಮಾನ ಬಂದಿತ್ತು. ರಾತ್ರಿ ಪತ್ರದ ಕೊನೆಯ ಪುಟದ ಫೋಟೊ ಕಳಿಸಿ, "ಅತ್ತೆ, ಇದರಲ್ಲಿ ಕೈಗೆ ಬರೋದು ಎಷ್ಟು? ಫಿಕ್ಸೆಡ್ ಜಾಸ್ತಿ ಕೇಳಬಹುದಾ? ಕೇಳಿದರೆ ಆಫರ್ ವಾಪಸ್ ತಗೋತಾರಾ?" ಎಂದು ಬರೆದಿದ್ದಳು.

ಆ ಕೊನೆಯ ಪುಟವನ್ನು ಎಚ್‌ಆರ್‌ನವರು ಅನೆಕ್ಸರ್ ಎನ್ನುತ್ತಾರೆ. ಮೊದಲ ಪುಟದಲ್ಲಿ ದಪ್ಪಕ್ಷರದ 24 ಲಕ್ಷ ಇರುತ್ತದೆ, ಅದು ಯಾವುದರಿಂದ ಕೂಡಿದೆ ಎಂಬುದು ಅನೆಕ್ಸರ್‌ನಲ್ಲಿರುತ್ತದೆ. ಅವಳ ಪತ್ರದಲ್ಲಿ ಲೆಕ್ಕ ಹೀಗಿತ್ತು. ವೇರಿಯಬಲ್ ಪೇ 3,60,000 ರೂಪಾಯಿ. ಒಂದೇ ಸಲ ಕೊಡುವ ಜಾಯ್ನಿಂಗ್ ಬೋನಸ್ 1,00,000. ಉಳಿದ 19,40,000ಕ್ಕೆ "ಫಿಕ್ಸೆಡ್" ಎಂಬ ಹೆಸರು. ಈ ಫಿಕ್ಸೆಡ್ ಕೂಡ ಪೂರ್ತಿ ಕೈಗೆ ಬರುವಂಥದ್ದಲ್ಲ. ಅದರೊಳಗೆ ಕಂಪನಿ ಕಟ್ಟುವ ಪಿಎಫ್ ಪಾಲು 1,08,000, ಗ್ರಾಚ್ಯುಟಿಗೆಂದು ತೆಗೆದಿಡುವ 43,290, ವೈದ್ಯಕೀಯ ವಿಮೆಯ ಕಂತು 18,710 ಸೇರಿಕೊಂಡಿದ್ದವು. ಇವನ್ನೆಲ್ಲ ಕಳೆದರೆ ಉಳಿಯುವುದು 17,70,000, ಅಂದರೆ ತಿಂಗಳಿಗೆ 1,47,500. ಅವಳ ಸ್ವಂತ ಪಾಲಿನ ಪಿಎಫ್, ಆದಾಯ ತೆರಿಗೆ, ವೃತ್ತಿ ತೆರಿಗೆ ಕಡಿತವಾಗುವುದು ಇನ್ನು ಇದರಿಂದ.

ಪಿಎಫ್ ಅವಳದೇ ದುಡ್ಡು, ಮುಂದೆ ಸಿಗುತ್ತದೆ, ಅದರ ಬಗ್ಗೆ ತಕರಾರಿಲ್ಲ. ಗ್ರಾಚ್ಯುಟಿಯ ವಿಷಯ ಬೇರೆ. ಅದು ಮೂಲ ವೇತನದ ಶೇ 4.81ರಷ್ಟು, ಅವಳ 75,000 ಮೂಲ ವೇತನದ ಮೇಲೆ ಹಾಕಿದ ಲೆಕ್ಕ. ಖಾಯಂ ನೌಕರರು ಐದು ವರ್ಷ ಪೂರೈಸದೆ ಕೆಲಸ ಬಿಟ್ಟರೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಎರಡು ಮೂರು ವರ್ಷಕ್ಕೆ ಕಂಪನಿ ಬದಲಿಸುವವರ ಸಿಟಿಸಿಯಲ್ಲಿ ಅದು ಕಾಗದದ ಮೇಲಿನ ಸಂಖ್ಯೆಯಾಗಿಯೇ ಉಳಿಯುವುದುಂಟು.

ಈಗ ಹಳೆಯ ಕೆಲಸದ ಲೆಕ್ಕ ನೋಡಿ. ಅಲ್ಲಿ ಅವಳ ಸಿಟಿಸಿ 18.5 ಲಕ್ಷ, ಅದರಲ್ಲಿ ತಿಂಗಳ ಒಟ್ಟು ವೇತನ 1,30,000. ಹದಿನೆಂಟೂವರೆಯಿಂದ ಇಪ್ಪತ್ನಾಲ್ಕಕ್ಕೆ ಹೋದರೆ ಹೆಚ್ಚಳ ಸುಮಾರು ಶೇ 30. ಆದರೆ 1,30,000ದಿಂದ 1,47,500ಕ್ಕೆ ಹೋದರೆ ಹೆಚ್ಚಳ ಶೇ 13.5 ಮಾತ್ರ. ಇದ್ದಲ್ಲೇ ಇದ್ದಿದ್ದರೆ ಏಪ್ರಿಲ್‌ನಲ್ಲಿ ಶೇ 8ರಷ್ಟಾದರೂ ಇನ್‌ಕ್ರಿಮೆಂಟ್ ಬರುತ್ತಿತ್ತು, ಆಗ ತಿಂಗಳಿಗೆ 1,40,400 ಆಗುತ್ತಿತ್ತು. ಹಾಗಾಗಿ ಊರು ಬದಲಿಸಿ, ಹೊಸ ಜಾಗದಲ್ಲಿ ಮತ್ತೆ ಮೊದಲಿನಿಂದ ಹೆಸರು ಗಳಿಸಬೇಕಾದ ಈ ಬದಲಾವಣೆಯಿಂದ ತಿಂಗಳಿಗೆ ನಿಜವಾಗಿ ಹೆಚ್ಚುವುದು ಏಳು ಸಾವಿರ ರೂಪಾಯಿ. ಇದನ್ನು ಬರೆದು ತೋರಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಕೇಳಬೇಕೆಂಬುದು ಅಲ್ಲಿಗೆ ತೀರ್ಮಾನವಾಯಿತು. ಆದರೆ ಕೇಳುವುದಕ್ಕೆ ಒಂದು ತೊಡಕಿತ್ತು. ಮೊದಲ ಫೋನ್ ಕರೆಯಲ್ಲೇ ರಿಕ್ರೂಟರ್, "ನಿಮ್ಮ ನಿರೀಕ್ಷೆ ಎಷ್ಟು?" ಎಂದು ಕೇಳಿದ್ದಳು. ಇವಳು 24 ಎಂದಿದ್ದಳು. ಅವರು ಅಷ್ಟನ್ನೇ ಕೊಟ್ಟಿದ್ದರು. ಈಗ 27 ಕೊಡಿ ಎಂದರೆ ಆಡಿದ ಮಾತಿನಿಂದ ಹಿಂದೆ ಸರಿದ ಹಾಗೆ. ಆಫರ್ ವಾಪಸ್ ಪಡೆದ ಪ್ರಸಂಗಗಳನ್ನು ನಾನು ನೋಡಿರುವುದು ಹೆಚ್ಚಾಗಿ ಇಂಥಲ್ಲೇ: ಕೇಳಿದ್ದನ್ನು ಕೊಟ್ಟ ಮೇಲೆ ಇನ್ನೊಂದು ಸಂಖ್ಯೆ ಬಂದಾಗ, ಅಥವಾ ಒಪ್ಪಿ ಸಹಿ ಹಾಕಿದ ಮೇಲೆ ಮತ್ತೆ ಚೌಕಾಸಿ ಶುರುವಾದಾಗ. ಸಹಿಗೆ ಮುಂಚೆ ಒಂದು ಸಲ ಸಭ್ಯವಾಗಿ ಕೇಳಿದ್ದಕ್ಕೆ ಆಫರ್ ಹೋಗಿದ್ದನ್ನು ನಮ್ಮ ವಿಭಾಗದಲ್ಲಿ ನಾನು ಕಂಡಿಲ್ಲ. "ಇಷ್ಟೇ ಆಗೋದು" ಎಂಬ ಉತ್ತರ ಬಂದಿದೆ, ಅಷ್ಟೆ.

ಹಾಗಾಗಿ ನಾವು ಮಾಡಿದ ತೀರ್ಮಾನವೆಂದರೆ, 24ನ್ನು ಮುಟ್ಟುವುದು ಬೇಡ, ಅದರೊಳಗಿನ ಹಂಚಿಕೆಯನ್ನು ಬದಲಿಸಲು ಕೇಳೋಣ. ಮೊದಲ ಕರೆಯಲ್ಲಿ ಅವಳು ಹೇಳಿದ್ದು ಒಟ್ಟು ಮೊತ್ತವನ್ನು, ಅದರಲ್ಲಿ ವೇರಿಯಬಲ್ ಎಷ್ಟು, ಬೋನಸ್ ಎಷ್ಟು ಎಂಬ ಮಾತೇ ಆಗಿರಲಿಲ್ಲ. ಅನೆಕ್ಸರ್ ಬಂದ ಮೇಲಷ್ಟೇ ಅದು ಅವಳಿಗೆ ತಿಳಿದದ್ದು. ಹೊಸದಾಗಿ ತಿಳಿದ ವಿಷಯದ ಮೇಲೆ ಹೊಸದಾಗಿ ಮಾತಾಡುವುದರಲ್ಲಿ ತಪ್ಪೇನಿಲ್ಲ.

ಪತ್ರ ಬರೆಯುವ ಮುಂಚೆ ಅವಳಿಂದ ಎರಡು ಸಾಲಿನ ಒಂದು ಮೇಲ್ ಹೋಯಿತು. ಆಫರ್‌ಗೆ ಧನ್ಯವಾದ ಹೇಳಿ, ಈ ಗ್ರೇಡಿನವರಿಗೆ ಕಳೆದ ಎರಡು ವರ್ಷ ವೇರಿಯಬಲ್ ಶೇಕಡಾ ಎಷ್ಟು ಕೈಗೆ ಬಂದಿದೆ, ವರ್ಷದ ನಡುವೆ ಸೇರಿದವರಿಗೆ ಹೇಗೆ ಲೆಕ್ಕ ಹಾಕುತ್ತೀರಿ ಎಂದು ಕೇಳಿದಳು. ಮರುದಿನ ಉತ್ತರ ಬಂತು: ಒಂದು ವರ್ಷ ಶೇ 70, ಇನ್ನೊಂದು ವರ್ಷ ಶೇ 85; ನಡುವೆ ಸೇರಿದವರಿಗೆ ತಿಂಗಳ ಲೆಕ್ಕದಲ್ಲಿ; ಹಣ ಕೊಡುವ ದಿನ ಕೆಲಸದಲ್ಲಿ ಇರಲೇಬೇಕು. ಅಂದರೆ 3,60,000 ಎಂದು ಬರೆದದ್ದು ಶೇ 70ರ ವರ್ಷದಲ್ಲಿ 2,52,000. ಈ ಉತ್ತರವಿಲ್ಲದೆ ಕೌಂಟರ್ ಬರೆಯಲು ಕೂತರೆ ಕತ್ತಲಲ್ಲಿ ತಡಕಾಡಿದ ಹಾಗೆ.

ಈಗ ಮುಖ್ಯ ಪತ್ರ. ಕೆಲವರು, ಇಂಥದ್ದನ್ನು ಫೋನಿನಲ್ಲಿ ಮಾತಾಡುವುದೇ ಮೇಲು ಎನ್ನುತ್ತಾರೆ. ಮಾತು ಬೇಕು, ಆದರೆ ಜೊತೆಗೆ ಮೇಲ್ ಬೇಕೇ ಬೇಕು. ಏಕೆಂದರೆ ರಿಕ್ರೂಟರ್ ಕೈಯಲ್ಲಿ ಸಾಮಾನ್ಯವಾಗಿ ಹಣ ಹೆಚ್ಚಿಸುವ ಅಧಿಕಾರ ಇರುವುದಿಲ್ಲ. ಅವಳು ನಿಮ್ಮ ಕೋರಿಕೆಯನ್ನು ತಂಡದ ಮ್ಯಾನೇಜರ್‌ಗೆ ಕಳಿಸಬೇಕು, ಅವನು ಹೂಂ ಎಂದರೆ ಅದು ಸಂಬಳ ನಿಗದಿ ಮಾಡುವ ನಮ್ಮಂಥವರ ಮೇಜಿಗೆ ಬರಬೇಕು. ನಾನು ಆ ಮೇಜಿನ ಈಚೆ ಕೂತು ಓದಿದ್ದರಲ್ಲಿ ಹೆಚ್ಚಿನವು ಅಭ್ಯರ್ಥಿಗಳು ಬರೆದ ಮೇಲ್‌ಗಳೇ, ರಿಕ್ರೂಟರ್ ಮೇಲೊಂದು ಸಾಲು ಸೇರಿಸಿ ಹಾಗೇ ಮುಂದೆ ಕಳಿಸಿದಂಥವು. ಆದ್ದರಿಂದ ಪತ್ರ ಬರೆಯುವಾಗ ನೆನಪಿಡಬೇಕಾದದ್ದು, ಅದನ್ನು ಓದುವವರು ಮೂವರು, ಅವರಲ್ಲಿ ಒಬ್ಬರು ನಿಮ್ಮ ದನಿ ಕೇಳಿಯೇ ಇಲ್ಲ. ಪತ್ರ ಚಿಕ್ಕದಾಗಿದ್ದು, ಒಂದೇ ಸಂಖ್ಯೆ, ಒಂದೆರಡು ಕಾರಣ, ಒಂದು ದಿನಾಂಕ ಇದ್ದರೆ ಅದು ತಾನೇ ಮಂಜೂರಾತಿಯ ಟಿಪ್ಪಣಿಯಾಗಿ ಕೆಲಸ ಮಾಡುತ್ತದೆ.

ಅವಳ ಮೊದಲ ಕರಡು ಒಂದೂವರೆ ಪುಟ ಇತ್ತು. ಮುಂಬಯಿಯ ಬಾಡಿಗೆ, ಡಿಪಾಸಿಟ್, ಊರಿನ ಮನೆಯ ಸಾಲ, ತಮ್ಮನ ಓದು ಎಲ್ಲವೂ ಅದರಲ್ಲಿ ಬಂದಿದ್ದವು. ಎಲ್ಲವೂ ನಿಜ. ಆದರೆ ಮಂಜೂರು ಮಾಡುವವನು ಅದರಿಂದ ಏನೂ ಮಾಡಲಾರ. ಅವನು ಫೈಲಿನಲ್ಲಿ "ಬಾಡಿಗೆ ಜಾಸ್ತಿ, ಆದ್ದರಿಂದ ಹೆಚ್ಚು ಕೊಡಲಾಗಿದೆ" ಎಂದು ಬರೆಯುವಂತಿಲ್ಲ. ಅದೇ ತಂಡದಲ್ಲಿ ಅದೇ ಬಾಡಿಗೆ ಕಟ್ಟುವ ಇನ್ನೂ ಹತ್ತು ಜನ ಇದ್ದಾರೆ. ಅವನು ಬರೆಯಬಹುದಾದ ಕಾರಣಗಳು ಎರಡೇ: ಕೆಲಸದ ವ್ಯಾಪ್ತಿ, ಮತ್ತು ಈಗಿನ ಫಿಕ್ಸೆಡ್ ವೇತನ. ವ್ಯಾಪ್ತಿಯ ವಿಷಯದಲ್ಲಿ ಅವಳಿಗೆ ಗಟ್ಟಿ ಆಧಾರವಿತ್ತು. ಜಾಹೀರಾತಿನಲ್ಲಿ ಇದ್ದದ್ದು ಒಬ್ಬಳೇ ಮಾಡುವ ಅನಲಿಸ್ಟ್ ಕೆಲಸ. ಕೊನೆಯ ಸಂದರ್ಶನದಲ್ಲಿ ಮ್ಯಾನೇಜರ್, ನಾಲ್ಕು ಜನರ ತಂಡವನ್ನೂ ನೋಡಿಕೊಳ್ಳಬೇಕು ಎಂದಿದ್ದರು. ಈ ಸಾಲನ್ನು ಮೂರನೆಯ ಪುಟದಿಂದ ಹೊರತೆಗೆದ ಹಾಗೆ ಕರಡಿನ ತಳದಿಂದ ಮೇಲಕ್ಕೆ ತಂದೆವು.

ಇನ್ನೊಂದು ಸಾಲನ್ನೂ ತೆಗೆಸಿದೆ. "ಬೇರೆ ಕಡೆಯಿಂದಲೂ ಆಫರ್ ಇದೆ" ಎಂದು ಅವಳ ಗೆಳತಿ ಬರೆಯಲು ಹೇಳಿದ್ದಳಂತೆ. ಇರಲಿಲ್ಲ. ಅದರ ಪ್ರತಿ ಕಳಿಸಿ ಎಂದು ಕೇಳುವ ಎಚ್‌ಆರ್‌ನವರು ಬೇಕಾದಷ್ಟು ಜನ ಇದ್ದಾರೆ. ಈಗಿನ ಸಂಬಳವನ್ನಂತೂ ಪೇ ಸ್ಲಿಪ್ ನೋಡಿ ಪರಿಶೀಲಿಸುತ್ತಾರೆ. ಕಾಗದ ತೋರಿಸಿ ಸಾಬೀತು ಮಾಡಬಹುದಾದದ್ದಷ್ಟೇ ಪತ್ರದಲ್ಲಿ ಇರಲಿ ಎಂದೆ.

ಸಂಖ್ಯೆಯ ಬಗ್ಗೆ ಅರ್ಧ ಗಂಟೆ ಮಾತಾಯಿತು. ಅವಳು "21ರಿಂದ 22ರವರೆಗೆ" ಎಂದು ಬರೆದಿದ್ದಳು. ಹಾಗೆ ಬರೆದರೆ ಓದುವವನಿಗೆ ಕಾಣುವುದು 21 ಮಾತ್ರ. ಒಂದೇ ಸಂಖ್ಯೆ ಬರೆಯಬೇಕು, ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಳ್ಳಬೇಕು. ಪತ್ರದ ಸಂಖ್ಯೆ 21.5 ಲಕ್ಷ ಎಂದೂ, ಅದಕ್ಕಿಂತ ಕೆಳಗಾದರೆ ಪುಣೆಯಲ್ಲೇ ಉಳಿಯುವ ಸಂಖ್ಯೆ 20.5 ಎಂದೂ ಗೊತ್ತುಮಾಡಿದೆವು. ಎರಡನೆಯದನ್ನು ಅವಳು ಅಣ್ಣನಿಗೂ ಹೇಳಲಿಲ್ಲ.

ಉಳಿದದ್ದು ಭಾಷೆ. ಇಂಗ್ಲಿಷಿನಲ್ಲಿ ದುಡ್ಡು ಕೇಳುವಾಗ ನಮ್ಮವರು ಎರಡು ತುದಿಗೆ ಹೋಗುತ್ತಾರೆ. ಒಂದೋ ಸಾಲಿಗೊಂದರಂತೆ "ಕೈಂಡ್ಲಿ", "ಹಂಬಲ್ ರಿಕ್ವೆಸ್ಟ್" ಹಾಕಿ ಶಾಲೆಯ ರಜಾ ಅರ್ಜಿ ಮಾಡುತ್ತಾರೆ, ಇಲ್ಲವೇ "ಮೈ ಎಕ್ಸ್‌ಪೆಕ್ಟೇಶನ್ ಈಸ್" ಎಂದು ಬಾಗಿಲು ಬಡಿಯುತ್ತಾರೆ. ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಪರಿಚಯದವರ ಹತ್ತಿರ, "ಇದೊಂದು ಹೀಗೆ ಮಾಡೋಕಾಗತ್ತಾ ನೋಡಿ, ಆದರೆ ಇವತ್ತೇ ಮುಗಿಸಿಬಿಡೋಣ" ಎನ್ನುತ್ತೇವಲ್ಲ, ಆ ದನಿ ಸಾಕು. ಅವಳು ಇಂಗ್ಲಿಷಿನಲ್ಲಿ ಕಳಿಸಿದ ಮೇಲ್‌ನ ಕನ್ನಡ ರೂಪ ಇದು:

ವಿಷಯ: ಆಫರ್ ಬಗ್ಗೆ – ಫಿಕ್ಸೆಡ್ ವೇತನದ ಕುರಿತು ಒಂದು ಕೋರಿಕೆ

ನಮಸ್ತೆ,

ಆಫರ್‌ಗೆ ಮತ್ತು ವೇರಿಯಬಲ್ ಬಗ್ಗೆ ಕೂಡಲೇ ಉತ್ತರಿಸಿದ್ದಕ್ಕೆ ಧನ್ಯವಾದ. ಕೊನೆಯ ಸುತ್ತಿನಲ್ಲಿ ತಂಡದ ಕೆಲಸದ ಬಗ್ಗೆ, ಮುಖ್ಯವಾಗಿ ಹೊಸ ವರದಿ ವ್ಯವಸ್ಥೆಯನ್ನು ಕಟ್ಟುವ ಬಗ್ಗೆ ಕೇಳಿದ ಮೇಲೆ ಈ ಕೆಲಸಕ್ಕೆ ಸೇರಬೇಕೆಂಬ ಆಸಕ್ತಿ ಹೆಚ್ಚಾಗಿದೆ.

ಸಹಿ ಹಾಕುವ ಮೊದಲು ಒಂದು ವಿಷಯ ಚರ್ಚಿಸಬೇಕಿತ್ತು. ನಾವು ಮಾತಾಡಿದ ಒಟ್ಟು 24 ಲಕ್ಷಕ್ಕೆ ನಾನು ಬದ್ಧಳಾಗಿದ್ದೇನೆ. ಅದರೊಳಗೆ, ಅನೆಕ್ಸರ್‌ನಲ್ಲಿ ಫಿಕ್ಸೆಡ್ ಎಂದು ತೋರಿಸಿರುವ 19.4 ಲಕ್ಷವನ್ನು 21.5 ಲಕ್ಷಕ್ಕೆ ಏರಿಸಲು ಸಾಧ್ಯವೇ? ಜಾಯ್ನಿಂಗ್ ಬೋನಸ್ಸನ್ನೂ ವೇರಿಯಬಲ್‌ನ ಒಂದು ಭಾಗವನ್ನೂ ಅದಕ್ಕೆ ಸೇರಿಸಿಕೊಳ್ಳಬಹುದು.

ಇದಕ್ಕೆ ಎರಡು ಕಾರಣಗಳಿವೆ. ಜಾಹೀರಾತಿನ ಕೆಲಸದ ಜೊತೆಗೆ ನಾಲ್ಕು ಜನರ ತಂಡದ ಹೊಣೆಯೂ ಇದೆಯೆಂದು ಕೊನೆಯ ಸುತ್ತಿನಲ್ಲಿ ತಿಳಿಯಿತು, ಆ ಹೊಣೆಯನ್ನು ಸಂತೋಷದಿಂದ ಹೊರುತ್ತೇನೆ. ಎರಡನೆಯದಾಗಿ, ನನ್ನ ಈಗಿನ ತಿಂಗಳ ಒಟ್ಟು ವೇತನ 1,30,000, ಏಪ್ರಿಲ್‌ನಲ್ಲಿ ಅದರ ಪರಿಷ್ಕರಣೆ ಆಗಬೇಕಿದೆ. ಹಾಗಾಗಿ ಫಿಕ್ಸೆಡ್ ಭಾಗದಲ್ಲಿ ಬದಲಾವಣೆ ಚಿಕ್ಕದಾಗುತ್ತದೆ. ಪೇ ಸ್ಲಿಪ್‌ಗಳು ನಿಮ್ಮ ಬಳಿ ಇವೆ.

ಇದು ಸಾಧ್ಯವಾದರೆ ಪರಿಷ್ಕೃತ ಪತ್ರ ಬಂದ ದಿನವೇ ಸಹಿ ಮಾಡಿ, ಇಲ್ಲಿ ರಾಜೀನಾಮೆ ಕೊಟ್ಟು, 60 ದಿನಗಳ ನೋಟಿಸ್ ಮುಗಿಸಿ ಸೇರುತ್ತೇನೆ. ಮಾತಾಡುವುದು ಅನುಕೂಲವೆನಿಸಿದರೆ ನಾಳೆ ಸಂಜೆ ಐದರ ನಂತರ ಯಾವಾಗ ಬೇಕಾದರೂ ಕರೆ ಮಾಡಿ.

ವಂದನೆಗಳೊಂದಿಗೆ.

ಇದರಲ್ಲಿ ಎರಡು ಸಾಲುಗಳನ್ನು ನಾನು ಹಟ ಹಿಡಿದು ಉಳಿಸಿದೆ. ಒಂದು, "ಅನೆಕ್ಸರ್‌ನಲ್ಲಿ ಫಿಕ್ಸೆಡ್ ಎಂದು ತೋರಿಸಿರುವ" ಎಂಬುದು. ಫಿಕ್ಸೆಡ್ ಎಂದರೆ ಅಭ್ಯರ್ಥಿಗೆ ತಿಂಗಳ ಸಂಬಳ, ಕಂಪನಿಗೆ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲ ಸೇರಿದ್ದು. ಯಾವುದನ್ನು ಹೇಳುತ್ತಿದ್ದೇವೆಂದು ಬಿಡಿಸಿ ಬರೆಯದಿದ್ದರೆ ಇಬ್ಬರೂ ಒಪ್ಪಿದೆವೆಂದುಕೊಂಡು ಬೇರೆಬೇರೆ ಸಂಖ್ಯೆಗೆ ಒಪ್ಪಿರುತ್ತಾರೆ. ಇನ್ನೊಂದು, ಪತ್ರ ಬಂದ ದಿನವೇ ಸಹಿ ಹಾಕುತ್ತೇನೆ ಎಂಬುದು. ಮಂಜೂರು ಮಾಡುವವರಿಗಿರುವ ಭಯ, ಇಷ್ಟು ಕೊಟ್ಟ ಮೇಲೂ ಇವಳು ಆ ಪತ್ರವನ್ನು ಇನ್ನೊಂದು ಕಂಪನಿಗೆ ತೋರಿಸಿ ಅಲ್ಲಿಗೆ ಹೋದರೆ ಎಂಬುದೇ. ಆ ಸಾಲು ಅದಕ್ಕೆ ಉತ್ತರ. ಹಾಗೆ ಮಾಡುವ ಮನಸ್ಸು ನಿಜವಾಗಿ ಇದ್ದರೆ ಮಾತ್ರ ಅದನ್ನು ಬರೆಯಬೇಕು.

ಶುಕ್ರವಾರ ಬೆಳಿಗ್ಗೆ ಮೇಲ್ ಹೋಯಿತು, ಸೋಮವಾರ ಮಧ್ಯಾಹ್ನ ಕರೆ ಬಂತು. ಮೊದಲ ಉತ್ತರ ನಾನು ಊಹಿಸಿದ್ದೇ: "ಫಿಕ್ಸೆಡ್ ಆಗಲ್ಲ, ಈ ಗ್ರೇಡಿಗೆ ವೇರಿಯಬಲ್ ಶೇ 15 ಇರಲೇಬೇಕು. ಜಾಯ್ನಿಂಗ್ ಬೋನಸ್ ಎರಡು ಲಕ್ಷ ಮಾಡಿಸಿಕೊಡ್ತೀನಿ." ಕಂಪನಿಗೆ ಬೋನಸ್ ಸುಲಭ, ಏಕೆಂದರೆ ಅದು ಒಂದು ಸಲದ ಖರ್ಚು, ಮುಂದಿನ ವರ್ಷಕ್ಕೆ ಹರಿಯುವುದಿಲ್ಲ, ಪಕ್ಕದ ಸೀಟಿನವರ ಸಂಬಳದ ಜೊತೆ ಹೋಲಿಕೆಗೂ ಬರುವುದಿಲ್ಲ. ಫಿಕ್ಸೆಡ್‌ನಲ್ಲಿ ಸೇರಿದ ಒಂದು ಲಕ್ಷ ಹಾಗಲ್ಲ. ವರ್ಷಕ್ಕೆ ಶೇ 8ರ ಇನ್‌ಕ್ರಿಮೆಂಟ್ ಹಿಡಿದರೆ ಅದು ಮೂರು ವರ್ಷದಲ್ಲಿ 1,00,000, 1,08,000, 1,16,640 ಆಗಿ ಒಟ್ಟು 3,24,640 ಆಗುತ್ತದೆ. ಬೋನಸ್ಸಿಗೆ ಇನ್ನೊಂದು ಬಾಲವೂ ಇತ್ತು: ಹನ್ನೆರಡು ತಿಂಗಳೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕಟ್ಟಬೇಕು, ತೆರಿಗೆ ಹಿಡಿದು ಕೈಗೆ ಬಂದದ್ದು ಕಡಿಮೆಯಾಗಿದ್ದರೂ.

ಇವಳು ಕರೆಯಲ್ಲಿ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಥ್ಯಾಂಕ್ಸ್ ಹೇಳಿ, ನೋಡಿ ಬರೆಯುತ್ತೇನೆ ಎಂದಳು. ಅವರ ಮಾತಿನಲ್ಲೇ ಒಂದು ಸಂದು ಇತ್ತು. ಶೇ 15, ಆದರೆ ಯಾವುದರ ಮೇಲೆ? 3.6 ಲಕ್ಷ ಎಂಬುದು ಒಟ್ಟು 24 ಲಕ್ಷದ ಶೇ 15. ಬಹಳ ಕಡೆ ವೇರಿಯಬಲ್ ಲೆಕ್ಕ ಹಾಕುವುದು ಫಿಕ್ಸೆಡ್ ಮೇಲೆ. ಎರಡನೆಯ ಮೇಲ್ ಐದೇ ಸಾಲು: ಬೋನಸ್ ಹೆಚ್ಚಿಸಲು ಮುಂದಾದದ್ದಕ್ಕೆ ಕೃತಜ್ಞತೆ, ಗ್ರೇಡಿನ ಶೇ 15ರ ನಿಯಮ ಅರ್ಥವಾಯಿತು, ಆ ಶೇ 15ನ್ನು ಫಿಕ್ಸೆಡ್ ಮೇಲೆ ಲೆಕ್ಕ ಹಾಕಿ, ಬೋನಸ್ ಪೂರ್ತಿ ಬಿಟ್ಟರೆ, 24 ಲಕ್ಷದಲ್ಲಿ ಫಿಕ್ಸೆಡ್ 20,87,000, ವೇರಿಯಬಲ್ 3,13,000 ಆಗುತ್ತದೆ, ಅದಾದರೆ ನಾನು ಸಿದ್ಧ. ಇದು 21.5 ಅಲ್ಲ, ಆದರೆ ಅವಳ 20.5ಕ್ಕಿಂತ ಮೇಲಿತ್ತು. ನಿಯಮ ಮುರಿಯದೆ ಕೊಡಬಹುದಾದದ್ದು ಎಂಬುದು ರಿಕ್ರೂಟರ್‌ಗೆ ಮುಖ್ಯವಾಯಿತು. ಬುಧವಾರ ಪರಿಷ್ಕೃತ ಪತ್ರ ಬಂತು.

ಹೊಸ ಅನೆಕ್ಸರ್‌ನಲ್ಲಿ ಮೂಲ ವೇತನ 80,000 ಆಗಿತ್ತು. ಅದರ ಜೊತೆ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ ಸ್ವಲ್ಪ ಏರಿದ್ದವು. ಅವನ್ನೂ ವಿಮೆಯನ್ನೂ ಕಳೆದು ತಿಂಗಳ ಒಟ್ಟು ವೇತನ ಸುಮಾರು 1,58,900. ಮೊದಲ ಪತ್ರಕ್ಕಿಂತ ತಿಂಗಳಿಗೆ 11,400 ಹೆಚ್ಚು, ಹಳೆಯ ಕೆಲಸಕ್ಕಿಂತ ಶೇ 22 ಹೆಚ್ಚು. ಮೊದಲ ಪುಟದ ದಪ್ಪಕ್ಷರದ 24 ಲಕ್ಷ ಮಾತ್ರ ಹಾಗೇ ಇತ್ತು. ಅಣ್ಣನಿಗೆ ಇದನ್ನು ವಿವರಿಸಲು ಸ್ವಲ್ಪ ಹೊತ್ತೇ ಹಿಡಿಯಿತು. "ಹಾಗಾದ್ರೆ ಏನೂ ಜಾಸ್ತಿ ಮಾಡ್ಲಿಲ್ವಾ?" ಎಂದು ಕೇಳಿದ.

ಎಲ್ಲ ಕಡೆಯೂ ಹೀಗೆ ಆಗುತ್ತದೆಂದಲ್ಲ. ಕ್ಯಾಂಪಸ್‌ನಿಂದ ಒಟ್ಟಿಗೆ ತೆಗೆದುಕೊಳ್ಳುವ ಹೊಸಬರಿಗೆ, ಸರ್ಕಾರಿ ಮತ್ತು ಸಾರ್ವಜನಿಕ ಸಂಸ್ಥೆಗಳ ವೇತನ ಶ್ರೇಣಿಗೆ ಸೇರುವವರಿಗೆ ಹಂಚಿಕೆ ಬದಲಿಸಲು ಜಾಗವೇ ಇರುವುದಿಲ್ಲ. ಖಾಸಗಿ ಕಂಪನಿಯಲ್ಲೂ ಫಿಕ್ಸೆಡ್ ಆಗಲೇ ಗ್ರೇಡಿನ ಮೇಲ್ಮಿತಿಗೆ ತಾಗಿದ್ದರೆ ಎಷ್ಟು ಒಳ್ಳೆಯ ಪತ್ರವೂ ಅದನ್ನು ದಾಟಿಸದು. ಆಗ "ಈ ಗ್ರೇಡಿನಲ್ಲಿ ಇಷ್ಟೇ" ಎಂಬ ಮಾತು ಎರಡನೆಯ ಸಲವೂ ಅದೇ ಶಬ್ದಗಳಲ್ಲಿ ಬರುತ್ತದೆ, ಬದಲಿಗೆ ಬೇರೇನೂ ಮುಂದಿಡುವುದಿಲ್ಲ. ಅದನ್ನು ಕೇಳಿಸಿಕೊಂಡ ಮೇಲೆ ಮೂರನೆಯ ಮೇಲ್ ಬರೆಯುವುದು ಬೇಡ. ಒಪ್ಪುವುದೋ ಬಿಡುವುದೋ ಅಷ್ಟೇ ಉಳಿದಿರುತ್ತದೆ.

ನಮ್ಮ ಹುಡುಗಿ ಅಂದೇ ಸಹಿ ಹಾಕಿದಳು. ಆದರೆ ಪುಣೆಯ ಮ್ಯಾನೇಜರ್‌ಗೆ ರಾಜೀನಾಮೆ ಕಳಿಸುವ ಮುನ್ನ ಹೊಸ ಪತ್ರವನ್ನು ಹಳೆಯದರ ಪಕ್ಕ ಇಟ್ಟು ಸಾಲು ಸಾಲಾಗಿ ಓದಿದೆವು. ಎರಡನೆಯ ಪುಟದಲ್ಲಿ ಜಾಯ್ನಿಂಗ್ ಬೋನಸ್ ವಾಪಸಾತಿಯ ಷರತ್ತು ಇನ್ನೂ ಹಾಗೇ ಇತ್ತು, ಬೋನಸ್ಸೇ ಇಲ್ಲದಿದ್ದರೂ. ಒಂದು ಸಾಲಿನ ಮೇಲ್ ಕಳಿಸಿ ಅದನ್ನು ತೆಗೆಸಿದಳು, ತಿದ್ದಿದ ಪ್ರತಿ ಸಂಜೆಗೆ ಬಂತು. ರಾಜೀನಾಮೆ ಹೋದದ್ದು ಅದರ ಮರುದಿನ.